ಬೆಟ್ಟಮ್ಮನ ಗದ್ದೆ, ಪುಟ್ಟರಾಜನ ಪಾಣಿ

ಬೆಟ್ಟಮ್ಮ ನಾಲೆಯ ಏರಿಯ ಮೇಲೆ ನಿಂತು ಕೂಗಿದರೆ ಆಚೆ ದಡದ ಎತ್ತುಗಳು ಉಳುವುದನ್ನು ನಿಲ್ಲಿಸಿ ತಿರುಗಿ ನೋಡುತ್ತಿದ್ದವು. ಹೊಳೆನರಸೀಪುರದ ಕಡೆಯ ನಮ್ಮ ಮಾವಿನಕೊಪ್ಪಲಿನಲ್ಲಿ ಯಾರಿಗಾದರೂ ದೂರದ ಗದ್ದೆಗೆ ಸುದ್ದಿ ಮುಟ್ಟಿಸಬೇಕಾದರೆ ಆಳನ್ನು ಕಳಿಸುತ್ತಿರಲಿಲ್ಲ. ಬೆಟ್ಟಮ್ಮನಿಗೆ ಎರಡು ಎಲೆ, ಒಂದು ಚೂರು ಹೊಗೆಸೊಪ್ಪು ಕೊಟ್ಟರೆ ಸಾಕಾಗಿತ್ತು. ಅವಳ ಗಂಡ ದ್ಯಾವಣ್ಣ ಇದಕ್ಕೆ ತದ್ವಿರುದ್ಧ. ಅವನು ಮಾತಾಡಿದ್ದು ಪಕ್ಕದಲ್ಲಿ ಕೂತವನಿಗೂ ಕೇಳಿಸುತ್ತಿರಲಿಲ್ಲ. ನಾಯಿಯನ್ನು ಓಡಿಸುವಾಗಲೂ "ಓಗಪ್ಪಾ" ಅನ್ನುತ್ತಿದ್ದ.

ಇಂಥ ದ್ಯಾವಣ್ಣ ಐವತ್ತನಾಲ್ಕನೇ ಇಸವಿಯಲ್ಲಿ ಎರಡು ಎಕರೆ ನಾಲೆ ಗದ್ದೆ ಕೊಂಡ. ಮಾರಿದವರು ಚನ್ನರಾಯಪಟ್ಟಣದ ಜೈನರು, ಅನಂತರಾಜಯ್ಯನವರು. ಜವಳಿ ಅಂಗಡಿ, ಭತ್ತದ ವ್ಯಾಪಾರ ಎರಡೂ ಇದ್ದ ದೊಡ್ಡ ಮನೆತನ. ದ್ಯಾವಣ್ಣ ಅದೇ ಗದ್ದೆಯನ್ನು ಅವರ ಕೈಕೆಳಗೆ ಮಾಡಿಕೊಂಡಿದ್ದವನು. "ನನಗೆ ದೂರವಾಯ್ತು ದ್ಯಾವಣ್ಣ, ನಿನ್ನ ಬೆವರು ಬಿದ್ದ ಭೂಮಿ ನೀನೇ ಇಟ್ಟುಕೋ" ಎಂದು ಹೇಳಿ ಕೈಗೆಟುಕುವ ಬೆಲೆಗೆ ಕೊಟ್ಟರು. ಹೊಳೆನರಸೀಪುರದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ರಿಜಿಸ್ಟರ್ ಆಯಿತು. ಸಾಕ್ಷಿ ಹಾಕುವುದಕ್ಕೆ ದ್ಯಾವಣ್ಣನ ಚಿಕ್ಕಪ್ಪನ ಮಗ ಪುಟ್ಟರಾಜ ಹೋಗಿದ್ದ. ಆಗಿನ್ನೂ ಮೀಸೆ ಚಿಗುರಿದ ಹುಡುಗ. ಸೊಗಸಾಗಿ ರುಜು ಹಾಕಿದ, ಹೋಟೆಲಿನಲ್ಲಿ ದ್ಯಾವಣ್ಣ ಕೊಡಿಸಿದ ಮಸಾಲೆ ದೋಸೆಯ ಮೇಲೆ ಇನ್ನೊಂದು ದೋಸೆ ತಿಂದು ಬಂದ. ಈ ದೋಸೆಯನ್ನು ನೆನಪಿಟ್ಟುಕೊಳ್ಳಿ.

ಊರಿಗೆ ಬಂದ ಮೇಲೆ ಶಾನುಭೋಗರು ದ್ಯಾವಣ್ಣನನ್ನು ಚಾವಡಿಗೆ ಕರೆದು ಹೇಳಿದರು. "ಪತ್ರ ಆಯ್ತಲ್ಲ, ಇನ್ನು ಖಾತೆ ಬದಲಾಯಿಸ್ಕೋ. ಒಂದು ಅರ್ಜಿ ಕೊಡು. ಪಾಣೀಲಿ ಅನಂತರಾಜಯ್ಯನೋರ ಹೆಸರಿಗೆ ಗೀಟು ಎಳೆದು ನಿನ್ನ ಹೆಸರು ಬರೀತೀವಿ."

ಪಾಣಿ ಎಂದರೆ ಪಹಣಿ. ಯಾವ ಗದ್ದೆ ಯಾರ ಖಾತೆ, ಯಾರು ಸಾಗು ಮಾಡುತ್ತಿದ್ದಾರೆ, ಕಂದಾಯ ಎಷ್ಟು ಎಂದು ಸರ್ಕಾರ ಬರೆದಿಟ್ಟುಕೊಂಡ ಪುಸ್ತಕ.

"ಗೀಟು ಎಳೀತೀರಾ? ಯಾವ ಮಸೀಲಿ?" ಎಂದು ಕೇಳಿದ ದ್ಯಾವಣ್ಣ.

"ಕೆಂಪು ಮಸೀಲಿ. ಇನ್ಯಾವುದರಲ್ಲಿ?"

ದ್ಯಾವಣ್ಣ ಎದ್ದು ನಿಂತುಬಿಟ್ಟ. ಅವನ ಸೋದರಮಾವನ ಹೆಸರಿಗೆ ಹಿಂದೊಮ್ಮೆ ಇದೇ ಚಾವಡಿಯಲ್ಲಿ ಕೆಂಪು ಗೀಟು ಬಿದ್ದಿತ್ತು. ಆ ಯುಗಾದಿಗೆ ಮಾವ ಜ್ವರ ಬಂದು ಸತ್ತ. ಜ್ವರ ಊರಿಗೆಲ್ಲ ಬಂದಿತ್ತು, ಗೀಟು ಬೀಳದವರೂ ಸತ್ತಿದ್ದರು, ಆದರೆ ಅದನ್ನು ದ್ಯಾವಣ್ಣನಿಗೆ ಯಾರು ಹೇಳಬೇಕು?

"ಬದುಕಿರೋ ಧರ್ಮಾತ್ಮನ ಹೆಸರ್ಗೆ ಕೆಂಪು ಗೀಟು ಎಳ್ಸಿ ನಾನ್ ಯಾವ್ ನರಕಕ್ಕೆ ಓಗ್ಲಿ ಸಾಮಿ? ಅವ್ರು ಇರೋಗಂಟ ಅಂಗೇ ಇರ್ಲಿ. ಕಂದಾಯ ನಾನೇ ಕಟ್ತೀನಿ."

"ಅಯ್ಯೋ ಮಾರಾಯ, ಅದು ಲೆಕ್ಕದ ಗೀಟು ಕಣಯ್ಯಾ, ಯಮನ ಗೀಟಲ್ಲ."

ದ್ಯಾವಣ್ಣ ಒಪ್ಪಲಿಲ್ಲ. ಮುಂದಿನ ವಾರ ಚನ್ನರಾಯಪಟ್ಟಣಕ್ಕೆ ಹೋಗಿ ವಿಷಯ ತಿಳಿಸಿದಾಗ ಅನಂತರಾಜಯ್ಯನವರೂ "ಹಾಗೇ ಇರಲಿ ಬಿಡಪ್ಪಾ, ನಾನಿರೋವರೆಗೆ" ಎಂದರಂತೆ. ಓದಿದವರು, ವ್ಯಾಪಾರಸ್ಥರು, ಊರಿಗೇ ಬುದ್ಧಿ ಹೇಳುವವರು! ತಮ್ಮ ಹೆಸರಿಗೆ ಕೆಂಪು ಮಸಿ ಅಂದ ಕೂಡಲೇ ಅವರಿಗೂ ಎದೆ ಡವಡವ. ನನಗೆ ಸಿಟ್ಟು ಬರುವುದು ಇಲ್ಲೇ. ಎರಡು ಸಾಲು ಬರೆಯುವ ಕೆಲಸ, ಆ ಇಬ್ಬರು ಒಳ್ಳೆಯವರು ಸೇರಿ ಕೆಡಿಸಿದರು.

ಹೀಗಾಗಿ ಗದ್ದೆ ದ್ಯಾವಣ್ಣನದು, ಖಾತೆ ಅನಂತರಾಜಯ್ಯನವರದು. ದ್ಯಾವಣ್ಣ ಪ್ರತಿವರ್ಷ ಊರಿಗೆಲ್ಲ ಮೊದಲು ಚಾವಡಿಗೆ ಹೋಗಿ ಕಂದಾಯ ಕಟ್ಟಿ, ಅನಂತರಾಜಯ್ಯನವರ ಹೆಸರಿನ ರಸೀದಿ ತರುತ್ತಿದ್ದ. ಬೆಟ್ಟಮ್ಮ ಆ ರಸೀದಿಗಳನ್ನು ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿ ಇಡುತ್ತಿದ್ದಳು. ಕ್ರಯಪತ್ರವನ್ನು ಎಲ್ಲಿಟ್ಟಿದ್ದಳು ಅಂತೀರಿ? ಅಟ್ಟದ ಮೇಲೆ, ಬಿದಿರಿನ ಕೊಳವೆಯಲ್ಲಿ, ಹಳೇ ಕುಡುಗೋಲುಗಳ ಜೊತೆಗೆ. "ಅದು ಒಂದ್ಸಲ ಆಗೋಗಿದ್ದು, ಇದು ವರ್ಸಾ ವರ್ಸಾ ಕಟ್ಟೋದು. ಯಾವ್ದು ದೊಡ್ದು?" ಎಂಬುದು ಅವಳ ಲೆಕ್ಕ.

ಕೆಂಪು ಗೀಟು ಬೀಳದ ಪುಣ್ಯವೋ ಏನೋ, ಅನಂತರಾಜಯ್ಯನವರು ಎಂಬತ್ತು ದಾಟಿದರು. ಗೀಟು ಎಳೆಸದ ದ್ಯಾವಣ್ಣನೇ ಅರವತ್ತೊಂದನೇ ಇಸವಿಯಲ್ಲಿ ಮೊದಲು ಹೋದ. ಬೆಟ್ಟಮ್ಮ ಹಣೆಯ ಕುಂಕುಮ ಅಳಿಸಿದ ಮೇಲೆ ಕೆಲವು ತಿಂಗಳು ಕೂಗಲಿಲ್ಲ. ನಾಲೆಯ ಆಚೆಯವರು "ಯಾಕೆ ಊರು ಸಪ್ಪಗೈತೆ?" ಎಂದು ಕೇಳಿದರು. ಆಮೇಲೆ ಒಂದು ದಿನ ಯಾರೋ ಗದ್ದೆಗೆ ನೀರು ತಿರುಗಿಸುವ ಮಡೆ ಮುರಿದರು, ಬೆಟ್ಟಮ್ಮ ಏರಿಯ ಮೇಲೆ ಹತ್ತಿದಳು, ಊರು ಮೊದಲಿನ ಹಾಗಾಯಿತು. ಒಬ್ಬಳೇ ಮಗಳು ಲಕ್ಕಮ್ಮನನ್ನು ಅರಕಲಗೂಡಿಗೆ ಕೊಟ್ಟಿತ್ತು. ಅಳಿಯನ ಮನೆಯಲ್ಲಿ ಇರು ಬಾ ಎಂದು ಮಗಳು ಕರೆದರೆ "ನನ್ ಗದ್ದೆ ನೀನ್ ಒತ್ಕೊಂಡ್ ಓಯ್ತೀಯ?" ಅನ್ನುತ್ತಿದ್ದಳು. ಆ ಗದ್ದೆ ಬಿಟ್ಟರೆ ಅವಳಿಗೆ ಹೊಟ್ಟೆಗೆ ಬೇರೆ ದಾರಿ ಇರಲಿಲ್ಲ.

ಅರವತ್ತನಾಲ್ಕರ ಕೊನೆಗೆ ಅನಂತರಾಜಯ್ಯನವರು ತೀರಿಕೊಂಡರು. ಆ ಹೊತ್ತಿಗೆ ಹಳೇ ಶಾನುಭೋಗಿಕೆ ರದ್ದಾಗಿ, ಸರ್ಕಾರದಿಂದ ಸಂಬಳ ತೆಗೆದುಕೊಳ್ಳುವ ಗ್ರಾಮಲೆಕ್ಕಿಗ ಬಂದಿದ್ದ. ಹೆಸರು ಗೌರೀಶಂಕರ, ಹೊರಗಿನ ತಾಲ್ಲೂಕಿನವನು. ಯಾರ ಗದ್ದೆ ಯಾರದೆಂದು ಅವನಿಗೆ ಪುಸ್ತಕ ಹೇಳಬೇಕು, ಬೇರೆ ದಾರಿಯಿಲ್ಲ. ಅನಂತರಾಜಯ್ಯನವರ ಮಗ ಯಶೋಧರ ಪೌತಿ ಖಾತೆಗೆ ಅರ್ಜಿ ಕೊಟ್ಟರು. ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಏರಿಸುವುದು. ತಂದೆಯ ಹೆಸರಿನಲ್ಲಿ ಎಲ್ಲೆಲ್ಲಿ ಏನೇನು ಇತ್ತೋ ಎಲ್ಲ ಮಗನ ಹೆಸರಿಗೆ ಬಂತು, ಬೆಟ್ಟಮ್ಮನ ಗದ್ದೆಯೂ ಸೇರಿ. ಯಶೋಧರ ಅಂಗಡಿ ಬಿಟ್ಟು ಗದ್ದೆಯ ಬದುವಿಗೆ ಕಾಲಿಟ್ಟವರಲ್ಲ. ಅಪ್ಪ ಮಾರಿದ್ದು ಅವರಿಗೆ ಗೊತ್ತೇ ಇರಲಿಲ್ಲ.

ಗೊತ್ತಿದ್ದವನು ಪುಟ್ಟರಾಜ. ದೋಸೆ ತಿಂದವನು.

ಪುಟ್ಟರಾಜನಿಗೆ ಈಗ ಮೀಸೆ ದಪ್ಪವಾಗಿತ್ತು. ಪಂಚಾಯ್ತಿ ಮೆಂಬರಾಗಿದ್ದ, ಕೋಟಿನ ಜೇಬಿನಲ್ಲಿ ಪೆನ್ನು ಸಿಕ್ಕಿಸುತ್ತಿದ್ದ. ಬೆಟ್ಟಮ್ಮನ ಗದ್ದೆಗೂ ಅವನ ಗದ್ದೆಗೂ ಒಂದೇ ಬದು. ಚಾವಡಿಯಲ್ಲಿ ಪಾಣಿ ನೋಡುವಾಗ ಪಕ್ಕದ ಗದ್ದೆ ಯಶೋಧರರ ಹೆಸರಿನಲ್ಲಿರುವುದು ಕಂಡಿತು. ಅವನ ತಲೆಯಲ್ಲಿ ದೊಡ್ಡ ಕಾನೂನೊಂದು ಹುಟ್ಟಿತು: ಖಾತೆ ಯಾರದೋ ಭೂಮಿ ಅವರದು.

ಮರುದಿನವೇ ಚನ್ನರಾಯಪಟ್ಟಣದ ಬಸ್ಸು ಹತ್ತಿದ.

"ಯಜಮಾನ್ರೆ, ನಿಮ್ಮ ನಾಲೆ ಗದ್ದೇನ ನಮ್ಮತ್ಗೆ ಒಬ್ರು ಸುಮ್ನೆ ಉಳ್ಕೊಂಡವ್ರೆ. ಗೇಣಿದಾರರ ಕಾನೂನು ಬತ್ತಾ ಐತೆ. ಇನ್ನೆಲ್ಡು ವರ್ಸ ಬುಟ್ರೆ ನಿಮ್ಮ ಕೈಗೆ ಬರಾಕಿಲ್ಲ. ನಾನ್ ತಗತೀನಿ ಕೊಟ್ಬುಡಿ."

ಯಶೋಧರ ಹೆದರಿದರು. ಪಹಣಿ ನೋಡಿದರು, ತಮ್ಮ ಹೆಸರೇ ಇದೆ. ಮಾರಿದರು. ಇಬ್ಬರಲ್ಲಿ ಒಬ್ಬರಾದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಿಂದಿನ ವರ್ಷಗಳ ಪುಸ್ತಕ ಹುಡುಕಿಸಿ ಋಣಭಾರದ ಪತ್ರ ತೆಗೆಸಿದ್ದರೆ ಐವತ್ತನಾಲ್ಕರ ಕ್ರಯ ಎದ್ದು ಕಾಣುತ್ತಿತ್ತು. ಯಶೋಧರರಿಗೆ ತೋಚಲಿಲ್ಲ. ಪುಟ್ಟರಾಜನಿಗೆ ಬೇಕಿರಲಿಲ್ಲ.

ರಿಜಿಸ್ಟ್ರಾರ್ ಕಚೇರಿಯಿಂದ ತಾಲ್ಲೂಕು ಕಚೇರಿಗೆ ಚೀಟಿ ಹೋಯಿತು. ಖಾತೆ ಬದಲಾವಣೆಯ ನೋಟೀಸು ಚಾವಡಿಯ ಗೋಡೆಗೆ ಬಿತ್ತು. ತಕರಾರು ಇರುವವರು ಮೂವತ್ತು ದಿನದೊಳಗೆ ಹೇಳಬೇಕು. ಬೆಟ್ಟಮ್ಮ ಆ ನೋಟೀಸನ್ನು ದಿನಾ ನೋಡಿದಳು. ಅವಳಿಗೆ ಓದು ಬಾರದು. ಮಲೇರಿಯಾದವರದೋ ದನದ ಡಾಕ್ಟರದೋ ಇರಬೇಕೆಂದು, ಗದ್ದೆಗೆ ಹೋಗುವಾಗ ಎಲೆಯಡಿಕೆ ಹಾಕಿಕೊಂಡು ಬೆರಳಲ್ಲಿ ಉಳಿದ ಸುಣ್ಣವನ್ನು ಅದಕ್ಕೇ ಒರೆಸಿ ಹೋಗುತ್ತಿದ್ದಳು. ಪುಸ್ತಕದಲ್ಲಿ ಅವಳ ಹೆಸರೇ ಇಲ್ಲದ ಮೇಲೆ ಅವಳ ಮನೆಗೆ ಬೇರೆ ನೋಟೀಸು ಯಾಕೆ ಬರುತ್ತದೆ? ಮೂವತ್ತು ದಿನ ಕಳೆಯಿತು. ಸುಣ್ಣ ಬಳಿದ ನೋಟೀಸಿಗೆ ಯಾರ ತಕರಾರೂ ಬರಲಿಲ್ಲ. ಖಾತೆ ಪುಟ್ಟರಾಜನ ಹೆಸರಿಗೆ ಆಯಿತು.

ಅಷ್ಟಕ್ಕೆ ಸುಮ್ಮನಾಗಿದ್ದರೆ ಅವನು ಪುಟ್ಟರಾಜನೇ ಅಲ್ಲ. ಪಾಣಿಯಲ್ಲಿ ಸಾಗುವಳಿ ಯಾರದು ಎಂದು ಬರೆಯುವ ಇನ್ನೊಂದು ಕಾಲಂ ಇದೆ. ಲೆಕ್ಕಿಗ ಗದ್ದೆಗೆ ಹೋಗಿ ಕಣ್ಣಾರೆ ನೋಡಿ ಬರೆಯಬೇಕಾದದ್ದು. ಗೌರೀಶಂಕರ ಹೊರಟಾಗ ಪುಟ್ಟರಾಜ ಅವನನ್ನು ತನ್ನ ಮನೆಯ ಜಗಲಿಯಲ್ಲೇ ಕೂರಿಸಿಕೊಂಡು ಕೋಳಿ ಸಾರಿನ ಊಟ ಹಾಕಿಸಿದ.

"ಬಿಸ್ಲು ಸಾ. ಗದ್ದೆ ಎಲ್ ಓಯ್ತದೆ? ಸ್ವಂತ ಸಾಗುವಳಿ ಅಂತ ಬರ್ಕಳಿ."

ಗೌರೀಶಂಕರ ಬೆರಳು ನೆಕ್ಕಿ, ಕೈ ತೊಳೆದು, ಬರೆದ.

ನಾಟಿ ಮುಗಿದು ಕಳೆ ಕೀಳುವ ಕಾಲಕ್ಕೆ ಪುಟ್ಟರಾಜ ಪಾಣಿಯ ನಕಲು ಹಿಡಿದು ಬದುವಿನ ಮೇಲೆ ಬಂದು ನಿಂತ. ಬೆಟ್ಟಮ್ಮ ಮೊಣಕಾಲು ಮುಚ್ಚುವ ಕೆಸರಿನಲ್ಲಿದ್ದಳು.

"ಅತ್ಗಮ್ಮ, ಮೇಲಕ್ ಬಾ. ಇದು ಈಗ ನನ್ ಗದ್ದೆ."

"ಏನ್ಲಾ ಅಂದೆ?"

"ನನ್ ಗದ್ದೆ. ನೋಡು, ಪಾಣಿ. ಖಾತೆ ನಂದು, ಸಾಗುವಳಿ ನಂದು. ಸರ್ಕಾರದ್ ಮೊಹರು ಐತೆ."

ಬೆಟ್ಟಮ್ಮ ಸೊಂಟ ನೆಟ್ಟಗೆ ಮಾಡಿಕೊಂಡಳು. ಆಳುಗಳು ಸೆರಗು ಬಾಯಿಗಿಟ್ಟುಕೊಂಡು ಕಾದರು.

"ಸಾಗುವಳಿ ನಿಂದಾ? ಸರಿ ಬುಡು. ಆ ಕಾಗ್ದುನ್ನ ಕೆಸರಿಗಾಕು, ಮೊಳ್ಕೆ ಬತ್ತದಾ ನೋಡಣ. ಬಂದ್ರೆ ಕಳೇನೂ ಅದರ ಕೈಲೇ ಕೀಳ್ಸು. ನನ್ ಗಂಡನ್ ಕೈಲಿ ಎಲ್ಡ್ ದೋಸೆ ತಿಂದು ಸಾಕ್ಸಿ ಹಾಕ್ದೋನು ಕಣ್ಲಾ ನೀನು! ನಾಚ್ಕೆ ಆಗಾಕಿಲ್ವ?"

"ಸಾಕ್ಸಿ ಹಾಕಿದ್ದು ನಿಜ. ಆದ್ರೆ ಅಣ್ಣಯ್ಯ ಖಾತೆ ಮಾಡ್ಸ್ಕಳ್ನಿಲ್ವಲ್ಲ! ಖಾತೆ ಇಲ್ದೋನ್ಗೆ ಭೂಮಿ ಎಲ್ಲಿಂದ ಬತ್ತದೆ?"

ಬೆಟ್ಟಮ್ಮ ಒಂದು ಹಿಡಿ ಕಳೆಯನ್ನು ಬೇರು ಸಮೇತ ಕಿತ್ತು ಬೀಸಿದಳು. ಪುಟ್ಟರಾಜನ ಕೋಟಿನ ಮೇಲೆ, ಜೇಬಿನ ಪೆನ್ನಿನ ಮೇಲೆ ಕೆಸರು. ಅವನು ಪಾಣಿಯನ್ನು ಎದೆಗವುಚಿಕೊಂಡು ಓಡಿದ. ಬೈಗುಳ ಅವನ ಹಿಂದೆ ಊರ ಬಾಗಿಲವರೆಗೂ ಹೋಯಿತು.

ಬೈದು ಮುಗಿದ ಮೇಲೆ ಅವಳಿಗೆ ಹೆದರಿಕೆ ಶುರುವಾಯಿತು. ಚಾವಡಿಗೆ ಹೋದಳು. ಗೌರೀಶಂಕರ ಪುಸ್ತಕ ತೆಗೆದು ಓದಿ ಹೇಳಿದ. ನಿಜವಾಗಿಯೂ ಪುಟ್ಟರಾಜನ ಹೆಸರಿತ್ತು. ದ್ಯಾವಣ್ಣನ ಹೆಸರು ಎಲ್ಲೂ ಇರಲಿಲ್ಲ, ಒಂದು ಸಲವೂ ಇದ್ದಿರಲಿಲ್ಲ. ಆವತ್ತು ಬೆಟ್ಟಮ್ಮ ಒಲೆ ಹಚ್ಚಲಿಲ್ಲ. ಮರುದಿನ ರಸೀದಿಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಹಾಸನದ ಬಸ್ಸು ಹತ್ತಿದಳು.

ಹಾಸನದಲ್ಲಿ ಗಂಗಾಧರಯ್ಯ ಎಂಬ ವಕೀಲರು. ನಶ್ಯ ಹಾಕುವವರು. ಬೆಟ್ಟಮ್ಮ ಅರಿಶಿನದ ಬಟ್ಟೆ ಬಿಚ್ಚಿ ರಸೀದಿಗಳನ್ನು ಮೇಜಿನ ಮೇಲೆ ಹರಡಿದಳು.

"ನೋಡಿ ಸಾ. ಒಂದ್ ವರ್ಸ ತಪ್ಸಿಲ್ಲ. ಊರ್ಗೆಲ್ಲ ಮೊದ್ಲು ಕಟ್ಟಿರೋದು ನಾವೇ. ಇಷ್ಟ್ ಕಂದಾಯ ಕಟ್ಟಿದ್ ಮೇಲೆ ಭೂಮಿ ಯಾರ್ದು?"

ಗಂಗಾಧರಯ್ಯ ಒಂದನ್ನು ಎತ್ತಿ ಓದಿದರು. "ಇದರಲ್ಲಿ ಅನಂತರಾಜಯ್ಯ ಅಂತಿದೆಯಲ್ಲಮ್ಮ."

"ಕಟ್ಟಿದ್ದು ನಾವು ಸಾ."

"ಅಮ್ಮಾ, ಕಂದಾಯ ಕಟ್ಟಿದ ಮಾತ್ರಕ್ಕೆ ಭೂಮಿ ನಮ್ಮದಾಗೋ ಹಾಗಿದ್ರೆ ನಾನು ಬೆಳಿಗ್ಗೆ ಎದ್ದು ಅರಕಲಗೂಡಿನ ಹೊಗೆಸೊಪ್ಪಿನ ಹೊಲಕ್ಕೆಲ್ಲ ಕಟ್ಟಿಬಿಡ್ತಿದ್ದೆ. ಈ ನಶ್ಯಕ್ಕೆ ದುಡ್ಡು ಕೊಡೋದಾದ್ರೂ ತಪ್ಪುತ್ತಿತ್ತು." ಒಂದು ಚಿಟಿಕೆ ಏರಿಸಿ ಸೀನಿದರು. "ಪತ್ರ ಏನಾದ್ರೂ ಇದೆಯಾ?"

"ಪತ್ರವಾ? ಅಟ್ಟದ್ ಮೇಲೆ ಕುಡ್ಗೋಲ್ ಜೊತೇಲಿ ಬಿದ್ದೈತೆ. ರಿಜಿಸ್ಟ್ರಿ ಆಗಿರೋದು."

ಗಂಗಾಧರಯ್ಯನವರಿಗೆ ಎರಡನೇ ಸೀನು ಬರಲಿಲ್ಲ.

"ರಿಜಿಸ್ಟರ್ ಆಗಿರೋ ಕ್ರಯಪತ್ರ ಕುಡುಗೋಲಿನ ಜೊತೆಗೆ, ರಸೀದಿ ದೇವರ ಗೂಡಿಗಾ? ಕೇಳು ತಾಯಿ. ಖಾತೆ, ಪಾಣಿ ಅನ್ನೋದು ಕಂದಾಯ ಯಾರನ್ನ ಕೇಳಬೇಕು ಅಂತ ಸರ್ಕಾರ ಇಟ್ಕೊಂಡಿರೋ ಲೆಕ್ಕ. ಅದರಿಂದ ಭೂಮಿ ಹುಟ್ಟಲ್ಲ, ಕೈ ಬದಲಾಗಲ್ಲ. ಅನಂತರಾಜಯ್ಯ ನಿನ್ನ ಗಂಡನಿಗೆ ಮಾರಿದ ದಿನವೇ ಗದ್ದೆ ಅವರ ಮನೆ ಬಿಟ್ಟು ನಿಮ್ಮ ಮನೆಗೆ ಬಂತು. ಅಪ್ಪನ ಹತ್ರ ಇಲ್ಲದ್ದು ಮಗನಿಗೆ ಬರೋದು ಹೇಗೆ? ಮಗನ ಹತ್ರ ಇಲ್ಲದ್ದು ಪುಟ್ಟರಾಜನಿಗೆ ಮಾರೋದು ಹೇಗೆ?"

ಬೆಟ್ಟಮ್ಮನ ಮುಖ ಅರಳಿತು. "ಅಂಗಾದ್ರೆ ಆ ಪಾಣಿ ಒಲೆಗೆ?"

"ತಡಿ, ಅಷ್ಟು ಹಗುರ ಅಲ್ಲ. ಪಾಣೀಲಿ ಬರೆದದ್ದನ್ನ, ಸುಳ್ಳು ಅಂತ ಯಾರಾದ್ರೂ ತೋರಿಸೋವರೆಗೆ ಸರ್ಕಾರ ನಿಜ ಅಂತಲೇ ಹಿಡಿಯುತ್ತೆ. ನಿನ್ನ ಗಂಡ ಆವತ್ತು ಒಂದು ಅರ್ಜಿ ಕೊಟ್ಟಿದ್ರೆ ಇವತ್ತು ತೋರಿಸೋ ಕೆಲಸ ಪುಟ್ಟರಾಜನ ತಲೆ ಮೇಲಿರ್ತಿತ್ತು. ಈಗ ನಿನ್ನ ತಲೆ ಮೇಲಿದೆ. ಯಾಕೆ ಕೊಡಲಿಲ್ಲ?"

ಬೆಟ್ಟಮ್ಮ ಕೆಂಪು ಗೀಟಿನ ಕಥೆ ಹೇಳಿದಳು. ಗಂಗಾಧರಯ್ಯ ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ನನ್ನ ಕಕ್ಷಿಗಾರರಲ್ಲಿ ಲಂಚಕ್ಕೆ, ಸೋಮಾರಿತನಕ್ಕೆ ಖಾತೆ ಬಿಟ್ಟವರಿದ್ದಾರೆ. ಮರ್ಯಾದೆಗೆ ಬಿಟ್ಟವನು ಇವನೊಬ್ಬನೇ" ಎಂದರು. ಅಪೀಲಿಗೆ ಇನ್ನೂ ಕಾಲ ಇತ್ತು. ಹಾಸನದ ಅಸಿಸ್ಟೆಂಟ್ ಕಮಿಷನರ ಮುಂದೆ ಖಾತೆಯ ಹುಕುಂ ಮೇಲೆ ಅಪೀಲು ಹಾಕಿದರು. "ಅಲ್ಲಿ ಆಗದಿದ್ರೆ ಮುನ್ಸೀಫ್ ಕೋರ್ಟು. ಹಕ್ಕು ಯಾರದು ಅಂತ ಕೊನೇ ಮಾತು ಹೇಳೋದು ಕೋರ್ಟೇ. ಅಲ್ಲೀತನಕ ಗದ್ದೆ ಬಿಟ್ಟು ಕದಲಬೇಡ."

ಬೆಟ್ಟಮ್ಮ ಕದಲಲಿಲ್ಲ. ಕೊಯ್ದಳು, ಒಕ್ಕಿದಳು, ಭತ್ತ ಮನೆಗೆ ತುಂಬಿದಳು. ಪುಟ್ಟರಾಜ ಬದುವಿನ ಆಚೆ ನಿಂತು "ನನ್ ಭತ್ತ, ನನ್ ಭತ್ತ" ಎಂದು ಲೆಕ್ಕ ಹಾಕುತ್ತಿದ್ದ. ಹತ್ತಿರ ಬರಲು ಧೈರ್ಯವಿರಲಿಲ್ಲ, ಕೋಟು ಆಗಷ್ಟೇ ಒಗೆದಿತ್ತು. ಊರಲ್ಲಿ ಮಾತ್ರ ತಿರುಗಿದ. ಟೀ ಅಂಗಡಿಯಲ್ಲಿ ಪಾಣಿ ಬಿಚ್ಚಿ ಬಿಚ್ಚಿ ತೋರಿಸಿ ಅದರ ಮಡಿಕೆಗಳು ಹರಿಯುವ ಹಾಗಾದವು. "ನಂಗೀಗ ಎಷ್ಟ್ ಗದ್ದೆ ಗೊತ್ತೇನ್ರಪ್ಪಾ?" ಎಂದು ಹೊಸಬರನ್ನೂ ಕೇಳುತ್ತಿದ್ದ.

ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಜೀಪಿನಲ್ಲಿ ಬಂದರು.

ಆ ವರ್ಷ ದೇಶದಲ್ಲಿ ಅಕ್ಕಿಗೆ ಹಾಹಾಕಾರ. ಸರ್ಕಾರ ಹೆಚ್ಚು ಗದ್ದೆ ಇದ್ದವರಿಂದ ತಾನೇ ಕಟ್ಟಿದ ಬೆಲೆಗೆ ಲೆವಿ ಭತ್ತ ವಸೂಲಿ ಮಾಡುತ್ತಿತ್ತು. ಚಿಕ್ಕ ಹಿಡುವಳಿಯವರಿಗೆ ಮಾಫಿ. ಪುಟ್ಟರಾಜನ ಸ್ವಂತ ಗದ್ದೆ ಲೆವಿಯ ಮಿತಿಗೆ ಸ್ವಲ್ಪವೇ ಕೆಳಗಿತ್ತು. ಪಾಣಿಯಲ್ಲಿ ಬೆಟ್ಟಮ್ಮನ ಗದ್ದೆ ಸೇರಿದ್ದರಿಂದ ಮಿತಿ ದಾಟಿತ್ತು. ರೆವಿನ್ಯೂ ಇನ್ಸ್‌ಪೆಕ್ಟರು, ಗೌರೀಶಂಕರ, ತಕ್ಕಡಿ, ಖಾಲಿ ಚೀಲಗಳು ಎಲ್ಲ ಪುಟ್ಟರಾಜನ ಜಗಲಿಯ ಮುಂದೆ ಇಳಿದವು.

"ಎರಡೂ ಗದ್ದೆ ಸೇರಿ ಲೆವಿ ಕಟ್ಟಿದೆ. ಭತ್ತ ಅಳೆಸಿ."

"ಸಾ, ಆ ಪಕ್ಕದ್ ಗದ್ದೇಲಿ ನಂಗೊಂದ್ ಕಾಳೂ ಬಂದಿಲ್ಲ ಸಾ!"

ಇನ್ಸ್‌ಪೆಕ್ಟರು ಪಾಣಿ ಬಿಚ್ಚಿದರು. "ಖಾತೆ ನಿಮ್ಮದು. ಸಾಗುವಳಿ ಸ್ವಂತ. ಏನಪ್ಪಾ ಗೌರೀಶಂಕರ, ನೀನೇ ಬರೆದಿದ್ದಲ್ವಾ?"

ಗೌರೀಶಂಕರನಿಗೆ ಆ ದಿನದ ಕೋಳಿ ಸಾರು ಗಂಟಲಲ್ಲಿ ಸಿಕ್ಕಿತು. "ಇವರೇ ಹೇಳಿ ಬರೆಸಿದ್ದು ಸಾರ್" ಎಂದ.

ಪುಟ್ಟರಾಜ ಪರಿವಾರ ಸಮೇತ ಎಲ್ಲರನ್ನೂ ಎಳೆದುಕೊಂಡು ಬೆಟ್ಟಮ್ಮನ ಮನೆಗೆ ಬಂದ. ಬೆಟ್ಟಮ್ಮ ಒನಕೆ ಹಿಡಿದು ಭತ್ತ ಕುಟ್ಟುತ್ತಿದ್ದಳು.

"ಇಲ್ಲೈತೆ ನೋಡಿ ಸಾ ಭತ್ತ! ಇವ್ಳೇ ಬೆಳ್ದು ಇವ್ಳೇ ಕುಯ್ಕೊಂಡವ್ಳೆ! ಲೆವಿ ಇವ್ಳ್ನ ಕೇಳಿ!"

ಬೆಟ್ಟಮ್ಮ ಒನಕೆ ನಿಲ್ಲಿಸಿದಳು. ಅವತ್ತು ಅವಳು ಕೂಗಲಿಲ್ಲ. ದ್ಯಾವಣ್ಣನ ಹಾಗೆ ಮೆಲ್ಲಗೆ ಕೇಳಿದಳು, ಜನ ಕಿವಿ ಮುಂದೆ ಚಾಚಬೇಕಾಯಿತು.

"ಯಾವ್ ಗದ್ದೆ ಭತ್ತ ಕಣಪ್ಪ ಪುಟ್ರಾಜ?"

"ನಾಲೆ ಪಕ್ಕದ್ ಗದ್ದೆ!"

"ಅದ್ ಯಾರ್ ಗದ್ದೆ?"

ಪುಟ್ಟರಾಜ ಇನ್ಸ್‌ಪೆಕ್ಟರ ಮುಖ ನೋಡಿದ, ತಕ್ಕಡಿ ನೋಡಿದ, ಖಾಲಿ ಚೀಲ ನೋಡಿದ. "ನಂದು" ಎಂದರೆ ಮನೆಯ ಕಣಜ ಹೋಗುತ್ತದೆ. "ನಿಂದು" ಎಂದರೆ ಗದ್ದೆ ಹೋಗುತ್ತದೆ. ಊರೆಲ್ಲ ಸೇರಿತ್ತು. ಯಾರೋ ಹಿಂದಿನಿಂದ "ಬೇಗ ಹೇಳ್ಲಾ, ಜೀಪು ಕಾಯ್ತಾ ಐತೆ" ಎಂದರು.

"ಇವ್ಳ್ದೇ ಸಾ," ಎಂದ ಪುಟ್ಟರಾಜ. "ಇವ್ಳ್ ಗಂಡ ಕೊಂಡ್ಕೊಂಡಿದ್ದು. ನಾನೇ ಸಾಕ್ಸಿ ಹಾಕಿವ್ನಿ."

"ಬಾಯಲ್ಲಿ ಸಾಲದು. ಬರೆದು ರುಜು ಹಾಕಿ ಕೊಡಿ. ಪಂಚರ ರುಜೂನೂ ಬೇಕು."

ಬರೆದುಕೊಟ್ಟ. ಕೋಟಿನ ಪೆನ್ನು ಮೊದಲ ಸಲ ಕೆಲಸಕ್ಕೆ ಬಂತು. ಇನ್ಸ್‌ಪೆಕ್ಟರು ಓದಿ ನೋಡಿ, ಬೆಟ್ಟಮ್ಮನಿಗೆ ಇದೊಂದೇ ಗದ್ದೆಯಾದ್ದರಿಂದ ಅವಳು ಮಿತಿಯೊಳಗೇ ಇದ್ದಾಳೆ, ಲೆವಿ ಇಲ್ಲ ಎಂದರು. ಪುಟ್ಟರಾಜನ ಹೆಸರಿನಿಂದ ಆ ಗದ್ದೆ ಬಿಟ್ಟರೆ ಅವನಿಗೂ ಇಲ್ಲ. ತಕ್ಕಡಿ ಖಾಲಿಯೇ ಜೀಪು ಹತ್ತಿತು. ಕದ್ದ ಗದ್ದೆ ಒಪ್ಪಿಸಿ ಸ್ವಂತ ಭತ್ತ ಉಳಿಸಿಕೊಂಡ ಗಂಡಸನ್ನು ನಾನು ಕಂಡದ್ದು ಅವನೊಬ್ಬನನ್ನೇ.

ಆದರೂ ಬುದ್ಧಿ ಬರಬೇಕಲ್ಲ! ಹಾಸನದಲ್ಲಿ ಅಪೀಲಿನ ದಿನ ಮತ್ತೆ ಮೀಸೆ ತಿರುವಿಕೊಂಡು ಬಂದ. ಲೆವಿಯ ಕಾಟ ಕಳೆಯಿತು, ಇನ್ನು ಗದ್ದೆ ನೋಡೋಣ ಎಂದು. ಯಶೋಧರರೂ ನೋಟೀಸು ಸಿಕ್ಕಿ ಬಂದಿದ್ದರು, ಟೋಪಿ ಕೈಯಲ್ಲಿ ಹಿಡಿದು ಮೂಲೆಯಲ್ಲಿ ನಿಂತಿದ್ದರು. ಬೆಟ್ಟಮ್ಮನ ಜೊತೆ ಅರಕಲಗೂಡಿನಿಂದ ಮಗಳು ಲಕ್ಕಮ್ಮ ಬಂದಿದ್ದಳು. ಗಂಗಾಧರಯ್ಯ ಐವತ್ತನಾಲ್ಕರ ಕ್ರಯಪತ್ರವನ್ನೂ ಪುಟ್ಟರಾಜ ಬರೆದುಕೊಟ್ಟ ಹೇಳಿಕೆಯ ನಕಲನ್ನೂ ಮೇಜಿನ ಮೇಲಿಟ್ಟರು. ಪತ್ರಕ್ಕೆ ಇನ್ನೂ ತುಕ್ಕಿನ ವಾಸನೆ.

ಎ.ಸಿ. ಸಾಹೇಬರು ಕೇಳಿದರು. "ಪುಟ್ಟರಾಜ, ಈ ಸಾಕ್ಷಿ ರುಜು ಯಾರದು?"

"ನಂದೇ ಸಾ. ಅದು ದೋಸೆಗೆ ಹಾಕಿದ್ದು ಸಾ."

"ಈ ಹೇಳಿಕೆ?"

"ಅದು ಲೆವೀಗೆ ಸಾ. ಲೆವಿ ಮಾತ್ರ ಅವ್ಳ್ದು. ಭೂಮಿ ನಂದು. ಪಾಣೀಲಿ ಐತೆ."

ಸಾಹೇಬರು ಪೆನ್ನು ಕೆಳಗಿಟ್ಟರು. "ಪಾಣೀಲಿ ನಿಮ್ಮ ಹೆಸರಿದೆ, ಅದಕ್ಕೇ ನೀವು ಇಲ್ಲೀವರೆಗೆ ಬಂದಿರಿ. ಇಲ್ಲಿಂದ ಮುಂದೆ ಅದು ಬರಲ್ಲ. ನಿಮಗೆ ಮಾರಿದೋರ ತಂದೆ ಹತ್ತು ವರ್ಷ ಮೊದಲೇ ರಿಜಿಸ್ಟರ್ ಮಾಡಿ ಬೇರೆಯವರಿಗೆ ಮಾರಿದ್ದಾರೆ. ಖಾತೆ ಸರಿ ಮಾಡೋಕೆ ನನಗೆ ಇಷ್ಟು ಸಾಕು. ನಾನು ಹಕ್ಕಿನ ತೀರ್ಪು ಕೊಡೋನಲ್ಲ. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಮುನ್ಸೀಫ್ ಕೋರ್ಟಿದೆ, ಧಾರಾಳವಾಗಿ ಹೋಗಿ. ಅಲ್ಲೂ ಈ ಎರಡು ರುಜು ನಿಮ್ಮ ಹಿಂದೆಯೇ ಬರ್ತವೆ."

ಆಗ ಯಶೋಧರ ಮುಂದೆ ಬಂದು ಬೆಟ್ಟಮ್ಮನಿಗೆ ಕೈಮುಗಿದರು. "ಅಪ್ಪಾಜಿ ಕೊಟ್ಟದ್ದು ನನಗೆ ತಿಳೀಲಿಲ್ಲ ತಾಯಿ. ಕೇಳಬೇಕಿತ್ತು. ಇವರ ದುಡ್ಡು ಹಿಂದಕ್ಕೆ ಕೊಟ್ಟು ಆ ಪತ್ರ ರದ್ದು ಮಾಡಿಸ್ತೀನಿ."

"ನಿಮ್ದೇನ್ ತಪ್ಪು ಬುಡಿ ಬುದ್ದಿ," ಎಂದಳು ಬೆಟ್ಟಮ್ಮ. "ನಿಮ್ಮಪ್ಪಾರೂ ನಮ್ಮೆಜಮಾನ್ರೂ ಒಬ್ರುನ್ನೊಬ್ರು ಬದುಕ್ಸಾಕೋಗಿ ನಮ್ಮಿಬ್ರುನ್ನೂ ಸಾಯ್ಸ್‌ಬುಟ್ಟಿದ್ರು."

ದುಡ್ಡು ವಾಪಸು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಪುಟ್ಟರಾಜನಿಗೂ ನ್ಯಾಯ ಕಾಣಿಸಿತು. ಮುನ್ಸೀಫ್ ಕೋರ್ಟಿನ ಮಾತೆತ್ತಲಿಲ್ಲ. ರದ್ದು ಪತ್ರವೂ ಹೊಳೆನರಸೀಪುರದಲ್ಲಿ ರಿಜಿಸ್ಟರ್ ಆಯಿತು. ಅವತ್ತು ಅವನಿಗೆ ಯಾರೂ ದೋಸೆ ಕೊಡಿಸಲಿಲ್ಲ.

ಇನ್ನು ಉಳಿದದ್ದು ಚಾವಡಿಯ ಕೆಲಸ. ದ್ಯಾವಣ್ಣನ ವಾರಸುದಾರರು ಹೆಂಡತಿ ಮತ್ತು ಮಗಳು, ಇಬ್ಬರ ಹೆಸರೂ ಬರಬೇಕು ಎಂದು ಹುಕುಂ ಬಂದಿತ್ತು. ಗೌರೀಶಂಕರ ಈ ಸಲ ಮೊದಲು ಗದ್ದೆಗೆ ಹೋಗಿ ಸಾಗುವಳಿ ನೋಡಿ, ಕಾಲಿಗೆ ಕೆಸರು ಮಾಡಿಕೊಂಡು ಬಂದು ಕೂತ. ಪುಸ್ತಕ ಬಿಚ್ಚಿದ. ಮೇಜಿನ ಮೇಲೆ ಕೆಂಪು ಮಸಿಯ ಬುಡ್ಡಿ ಇಟ್ಟು ಮುಚ್ಚಳ ತಿರುಗಿಸಿದ.

ಅಲ್ಲೇ ನಿಂತಿದ್ದ ಪುಟ್ಟರಾಜ ಬುಡ್ಡಿಯ ಕಡೆಗೆ ಬಗ್ಗಿದ.

"ಅದ್ಯಾಕ್ ಸಾ ಕೆಂಪು?"

"ನಿಮ್ಮ ಹೆಸರಿಗೆ ಗೀಟು ಎಳೀಬೇಕಲ್ಲ."

"ನೀಲೀಲಿ ಎಳೀರಿ ಸಾ. ಕಪ್ಪಲ್ಲಾದ್ರೂ ಎಳೀರಿ. ನಾನ್ ಬದುಕಿವ್ನಿ ಸಾ!"

ದ್ಯಾವಣ್ಣನ ಹೆದರಿಕೆಯನ್ನು ಟೀ ಅಂಗಡಿಯಲ್ಲಿ ಅಣಕವಾಡಿ ನಗಿಸುತ್ತಿದ್ದ ಅದೇ ಪುಟ್ಟರಾಜ ಮೇಜಿನ ಕಾಲು ಹಿಡಿದುಕೊಂಡ. ಆಮೇಲೆ ಬೆಟ್ಟಮ್ಮನ ಕಡೆ ತಿರುಗಿದ.

"ಅತ್ಗಮ್ಮ, ನೀನಾದ್ರೂ ಹೇಳವ್ವಾ. ಅಣ್ಣಯ್ಯ ಇದ್ದಿದ್ರೆ ಎಳೆಸ್ತಿದ್ನಾ?"

ಬೆಟ್ಟಮ್ಮ ಆ ಬುಡ್ಡಿಯನ್ನೇ ನೋಡಿದಳು. ಅವಳ ಕಣ್ಣು ತುಂಬಿತ್ತೋ ಹೊಗೆಸೊಪ್ಪಿನ ಘಾಟೋ, ಹೇಳಲಾರೆ.

"ಇಲ್ಲ ಕಣಪ್ಪ. ಅವ್ರು ಎಳೆಸ್ತಿರ್ನಿಲ್ಲ," ಎಂದಳು. ಪುಟ್ಟರಾಜನ ಉಸಿರು ಬಂತು. ಬೆಟ್ಟಮ್ಮ ಗೌರೀಶಂಕರನ ಕಡೆ ತಿರುಗಿ, ನಾಲೆಯ ಆಚೆಗೂ ಕೇಳಿಸುವ ಹಾಗೆ ಕೂಗಿದಳು. "ಎಳೀರಿ ಸಾ! ದಪ್ಪಗೆ ಎಳೀರಿ!"

ಎಳೆದ. ಪುಟ್ಟರಾಜ ಕಣ್ಣು ಮುಚ್ಚಿಕೊಂ‌ಡಿದ್ದ. ಬಿಟ್ಟು ನೋಡಿದರೆ ಬದುಕಿಯೇ ಇದ್ದ. ಗೀಟಿನ ಕೆಳಗೆ ಬೆಟ್ಟಮ್ಮ, ಲಕ್ಕಮ್ಮ ಎಂದು ಎರಡು ಹೆಸರು ಒಣಗುತ್ತಿದ್ದವು.

ಅವನು ಇವತ್ತಿಗೂ ಗಟ್ಟಿಮುಟ್ಟಾಗಿದ್ದಾನೆ, ಮೊದಲಿಗಿಂತ ದಪ್ಪಗಾಗಿದ್ದಾನೆ. ಆದರೆ ಒಂದು ಕೆಮ್ಮು ಬರಲಿ, ಒಂದು ಅಜೀರ್ಣವಾಗಲಿ, "ಆ ಕೆಂಪು ಗೀಟು" ಎಂದು ಮಲಗಿಬಿಡುತ್ತಾನೆ. ಬೆಟ್ಟಮ್ಮ ಮೆಣಸಿನ ಕಷಾಯ ಕಾಯಿಸಿಕೊಂಡು ಹೋಗಿ ಬಾಯಿಗೆ ಹಿಡಿಯುತ್ತಾಳೆ. "ಕುಡೀಲಾ. ಗೀಟು ಬಿದ್ದಿದ್ದು ನಿನ್ ಆಸೆಗೆ ಕಣ, ಆಯಸ್ಸಿಗಲ್ಲ."

ಕ್ರಯಪತ್ರ ಈಗ ದೇವರ ಗೂಡಿನಲ್ಲಿದೆ, ಪಾಣಿಯ ನಕಲೂ ಅದರ ಪಕ್ಕದಲ್ಲಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ನಂಬಬೇಡ ಎಂದು ಬಂದವರಿಗೆಲ್ಲ ಹೇಳುತ್ತಾಳೆ. ಮಗಳು ಬಂದಾಗಲಂತೂ ಊಟಕ್ಕೆ ಕೂರಿಸಿ ಮೊದಲು ಅದೇ ಪಾಠ.

"ನಾನ್ ಸತ್ರೆ ಅಳ್ತಾ ಕೂರ್ಬ್ಯಾಡ ಲಕ್ಕಿ. ತಿಥಿ ವಡೆ ಆರೋದ್ರೊಳಗೆ ಚಾವಡಿಗೋಗಿ ನನ್ ಹೆಸ್ರು ಹೊಡೆಸ್ಬುಡು."

"ಅಯ್ಯೋ, ಬುಡ್ತು ಅನ್ನವ್ವಾ!" ಎಂದು ಮಗಳು ಕಿವಿ ಮುಚ್ಚಿಕೊಂಡರೆ, ಬೆಟ್ಟಮ್ಮ ಸಾರಿನ ಸೌಟು ಎತ್ತಿ ಹೇಳುತ್ತಾಳೆ:

"ನೀನೂ ನಿಮ್ಮಪ್ಪನ್ ಮಗಳೇ ಕಣೆ. ತಿನ್ನು."